ಆಯ್ಕೆಯಾದ ಮೇಲೆ ಬರೆಯುವ ನಾಲ್ಕು ಸಾಲು

ಕೆಲಸಕ್ಕೆ ಆಯ್ಕೆಯಾದ ಸುದ್ದಿ ಬಂದ ಒಂದೆರಡು ದಿನದೊಳಗೆ ಸಂದರ್ಶನ ಮಂಡಳಿಗೆ ಧನ್ಯವಾದದ ಇಮೇಲ್ ಬರೆಯುವುದುಂಟು. ‘ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆಗಳು’ ಎಂದಷ್ಟೇ ಬರೆದರೆ ಅದನ್ನು ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಮಾತುಕತೆಯಿಂದ ತಮಗೆ ಏನು ಸ್ಪಷ್ಟವಾಯಿತು ಎಂದು ಬರೆದಾಗ ಮಾತ್ರ ಪತ್ರ ನಮ್ಮದಾಗುತ್ತದೆ.

ಹಾಲಿನ ಡೇರಿಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸ ಸಿಕ್ಕ ಯುವತಿಯೊಬ್ಬಳು ಹೀಗೆ ಬರೆಯಬಹುದು:

‘ಹಳ್ಳಿಯ ಸಂಗ್ರಹ ಕೇಂದ್ರದಲ್ಲಿ ಬಂದ ಫ್ಯಾಟ್ ಅಂಶ ಡೇರಿಯಲ್ಲಿ ಬಂದದ್ದಕ್ಕೆ ತಾಳೆಯಾಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಿರಿ. ಯಂತ್ರ ಪರೀಕ್ಷಿಸುತ್ತೇನೆ ಎಂದೆ. ಹಾಲನ್ನು ಸರಿಯಾಗಿ ಕಲಕದೆ ಸ್ಯಾಂಪಲ್ ತೆಗೆದರೂ ಕೆನೆ ಮೇಲೇ ನಿಂತು ಲೆಕ್ಕ ತಪ್ಪುತ್ತದೆ ಎಂದು ನೀವು ವಿವರಿಸಿದಿರಿ. ಈ ಕೆಲಸ ಲ್ಯಾಬಿನಲ್ಲಷ್ಟೇ ಅಲ್ಲ, ಕೇಂದ್ರಗಳಲ್ಲೂ ಇದೆ ಎಂಬುದು ಆಗ ತಿಳಿಯಿತು. ನನ್ನ ಗ್ರಹಿಕೆ ತಪ್ಪಿದ್ದರೆ ದಯವಿಟ್ಟು ತಿಳಿಸಿ.’

ಕೊನೆಯ ಸಾಲು ಬರೀ ವಿನಯಕ್ಕಲ್ಲ. ಊರೂರು ತಿರುಗುವ ಕೆಲಸ ಬೇರೆಯವರದಾಗಿದ್ದರೆ ಸೇರುವ ಮುನ್ನವೇ ಉತ್ತರ ಬರುತ್ತದೆ.

ಇಷ್ಟಕ್ಕೇ ಪತ್ರ ಮುಗಿಯಬೇಕು. ಸಂಬಳ, ಸೇರುವ ದಿನಾಂಕದ ಮಾತು ಎಚ್‌ಆರ್ ವಿಭಾಗಕ್ಕೆ ಪ್ರತ್ಯೇಕವಾಗಿ ಹೋಗಲಿ. ಈ ಧನ್ಯವಾದ ಕೆಲಸದ ಒಪ್ಪಿಗೆ ಪತ್ರಕ್ಕೆ ಬದಲಿಯಲ್ಲ. ಮಂಡಳಿಯವರ ವಿಳಾಸ ಗೊತ್ತಿಲ್ಲದಿದ್ದರೆ ಹುಡುಕಾಡುವುದು ಬೇಡ, ಅದೇ ವಿಭಾಗದವರಿಗೆ ಕಳಿಸಿ ತಲುಪಿಸಲು ಕೇಳಿದರಾಯಿತು. ಸಂದರ್ಶನ ಮುಗಿದ ಸಂಜೆಯೇ ಪ್ರಶ್ನೆಗಳನ್ನು ಗುರುತು ಹಾಕಿಕೊಂಡವರಿಗೆ ಇದನ್ನು ಬರೆಯುವುದು ಕಷ್ಟವೇನಲ್ಲ.