ತಟ್ಟೆಯಲ್ಲಿ ಬಿದ್ದ ತೂತು: ಕೊಂದದ್ದು ಯಾರು?

ಕೊಚ್ಚಿ ಸುತ್ತಮುತ್ತಲಿನ ಪೊಕ್ಕಾಳಿ ಗದ್ದೆಗಳ ಬಗ್ಗೆ ನೀವು ಕೇಳಿರಬಹುದು. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳ ಹಾಗೆಯೇ ಅವು. ಮಳೆಗಾಲದಲ್ಲಿ ಉಪ್ಪು ತಡೆಯುವ ಭತ್ತ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಅದೇ ಗದ್ದೆಯಲ್ಲಿ ಹಿನ್ನೀರು ಬಿಟ್ಟು ಸಿಗಡಿ. ಸಿಗಡಿ ಸಾಕುವವರಿಗೆ ದೊಡ್ಡ ಭಯ ವಿಬ್ರಿಯೋ ಎಂಬ ಬ್ಯಾಕ್ಟೀರಿಯಾ ಗುಂಪಿನದ್ದು. ಅದಕ್ಕೆ ಆಂಟಿಬಯಾಟಿಕ್ ಹಾಕಿದರೆ ಆಯ್ತಲ್ಲ ಅಂತೀರಾ? ಅದರ ಅಂಶ ಸಿಗಡಿಯಲ್ಲಿ ಸಿಕ್ಕಿತು ಎಂದರೆ ಹೊರದೇಶಕ್ಕೆ ಹೋದ ಸರಕು ಬಂದರಿನಿಂದಲೇ ವಾಪಸ್. ಹಾಗಾಗಿ ಅದೇ ನೀರು, ಅದೇ ಕೆಸರಿನಲ್ಲಿ ವಿಬ್ರಿಯೋವನ್ನು ಕೊಲ್ಲುವ ಬೇರೆ ಸೂಕ್ಷ್ಮಜೀವಿ ಉಂಟಾ ಎಂದು ಹುಡುಕುವವರು ಇದ್ದಾರೆ. ಹುಡುಕುವುದು ಕಷ್ಟವಲ್ಲ. ಸಿಕ್ಕಿದ್ದು ಯಾವುದು ಎಂದು ಗುರುತಿಸುವುದೇ ಕಷ್ಟ. ಈ ಬರಹ ಆ ಗುರುತಿಸುವ ಕೆಲಸದ ಬಗ್ಗೆ.

ಕೆಲಸ ಶುರುವಾಗುವುದು ಹೀಗೆ. ಅಗಾರ್ ಎಂಬ ಪಾಚಿಯ ಜೆಲ್ ತುಂಬಿದ ತಟ್ಟೆಯ ಮೇಲೆ ವಿಬ್ರಿಯೋವನ್ನು ದಟ್ಟವಾಗಿ ಬೆಳೆಸುತ್ತಾರೆ. ಮೊಸರು ಬಳಿದ ಹಾಗೆ ಮಬ್ಬು ಪದರ ಬರ್ತದೆ. ಅದರ ಮೇಲೆ ಗದ್ದೆಯ ನೀರಿನ ಹನಿ ಇಡುತ್ತಾರೆ. ಮರುದಿನವೋ ಎರಡು ದಿನ ಬಿಟ್ಟೋ ನೋಡಿದರೆ ಹನಿ ಬಿದ್ದ ಜಾಗದಲ್ಲಿ ಪದರ ಕರಗಿ ತೂತು ಬಿದ್ದಿದೆ. ಅಲ್ಲಿದ್ದ ವಿಬ್ರಿಯೋ ಸತ್ತಿದೆ ಎಂಬುದರಲ್ಲಿ ಸಂಶಯ ಇಲ್ಲ. ಕೊಂದದ್ದು ಯಾರು?

ಮೊದಲ ಶಂಕಿತ ಬರೀ ಹುಳಿ. ಮೊಸರಿನ ಜಾತಿಯ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ, ಹುಳಿಗೆ ಪಕ್ಕದವರು ಸಾಯುತ್ತಾರೆ. ತಿರುವನಂತಪುರದ ಎನ್‌ಐಐಎಸ್‌ಟಿಯಂಥ ಸಂಸ್ಥೆಗಳಲ್ಲಿ ಈ ಜಾತಿಯ ಮೇಲೆ ಕೆಲಸ ಮಾಡುವವರು ಮೊದಲು ಮಾಡಬೇಕಾದದ್ದು ಹುಳಿಯನ್ನು ಕ್ಷಾರ ಹಾಕಿ ಸರಿತೂಗಿಸಿ ಮತ್ತೆ ನೋಡುವುದು. ಆಗ ತೂತು ಬೀಳದಿದ್ದರೆ ಕತೆ ಅಲ್ಲಿಗೇ ಮುಗಿಯಿತು.

ಎರಡನೆಯ ಶಂಕಿತ ಬ್ಯಾಕ್ಟೀರಿಯೋಸಿನ್. ಇದು ಬ್ಯಾಕ್ಟೀರಿಯಾ ತಯಾರಿಸುವ ಪ್ರೋಟೀನ್ ಆಯುಧ. ಬೆಲ್ಜಿಯಂನ ಆಂಡ್ರೆ ಗ್ರಾಸಿಯಾ 1925ರಲ್ಲಿ ಒಂದು ಇ. ಕೋಲೈ ತಳಿ ಇನ್ನೊಂದು ಇ. ಕೋಲೈ ತಳಿಯನ್ನು ಕೊಲ್ಲುವುದನ್ನು ಕಂಡರು. ಆ ವಸ್ತುವಿಗೆ ಮುಂದೆ ಕೋಲಿಸಿನ್ ಎಂಬ ಹೆಸರು ಬಂತು. ಇಲ್ಲಿ ಗಮನಿಸಬೇಕಾದದ್ದು ಒಂದು: ಈ ಆಯುಧ ಹೆಚ್ಚಾಗಿ ಬೀಳುವುದು ದೂರದ ಶತ್ರುವಿನ ಮೇಲಲ್ಲ, ಹತ್ತಿರದ ದಾಯಾದಿಯ ಮೇಲೆ. ಯಾಕೆಂದರೆ ಒಂದೇ ಆಹಾರ, ಒಂದೇ ಜಾಗಕ್ಕೆ ಜಗಳ ಇರುವುದು ದಾಯಾದಿಗಳ ನಡುವೆಯೇ ಅಲ್ವಾ? ಕೆಲವು ಕೋಲಿಸಿನ್‌ಗಳು ಒಳನುಗ್ಗುವುದು ಬಿ12 ವಿಟಮಿನ್ ಒಳಗೆ ಹೋಗುವ ಬಾಗಿಲಿನಿಂದ. ಆ ಬಾಗಿಲು ಇಲ್ಲದ ಜಾತಿಗೆ ಅವುಗಳಿಂದ ಏನೂ ಆಗುವುದಿಲ್ಲ. ಇನ್ನೊಂದು ವಿಚಿತ್ರ ಕೇಳಿ. ಕೋಲಿಸಿನ್ ಹೊರಬರಬೇಕಾದರೆ ಅದನ್ನು ತಯಾರಿಸಿದ ಕೋಶ ಸಾಮಾನ್ಯವಾಗಿ ತಾನೇ ಒಡೆದು ಸಾಯ್ತದೆ. ಅದರ ಒಡಹುಟ್ಟಿದವುಗಳ ಹತ್ತಿರ ರಕ್ಷಣೆಯ ಪ್ರೋಟೀನ್ ಇರುವುದರಿಂದ ಅವು ಉಳಿಯುತ್ತವೆ, ಖಾಲಿಯಾದ ಜಾಗ ಅವುಗಳ ಪಾಲಿಗೆ.

ಮೂರನೆಯದು ವೈರಸ್, ಅಂದರೆ ಬ್ಯಾಕ್ಟೀರಿಯಾಗಳಿಗೆ ಬರುವ ಫೇಜ್. ನಾಲ್ಕನೆಯದು ನಿಜವಾದ ಬೇಟೆಗಾರ. ಅದರ ಹೆಸರು ಡೆಲೋವಿಬ್ರಿಯೋ. ಗ್ರೀಕ್‌ನಲ್ಲಿ ಡೆಲ್ಲಾ ಎಂದರೆ ಜಿಗಣೆ. ಹೆಸರಲ್ಲಿ ವಿಬ್ರಿಯೋ ಇದ್ದರೂ ಸಿಗಡಿ ಕೊಲ್ಲುವ ಗುಂಪಿಗೂ ಇದಕ್ಕೂ ಸಂಬಂಧ ಇಲ್ಲ, ಎರಡೂ ಅಲ್ಪವಿರಾಮದ ಹಾಗೆ ಬಾಗಿವೆ ಅಷ್ಟೇ. ಮಾಮೂಲಿ ಬ್ಯಾಕ್ಟೀರಿಯಾದ ಮುಂದೆ ಇದು ಮರಿ ಇದ್ದ ಹಾಗೆ. ಆದರೆ ಓಟದಲ್ಲಿ ಮುಂದೆ, ಸೆಕೆಂಡಿಗೆ ತನ್ನ ಉದ್ದದ ಹತ್ತಾರು ಪಟ್ಟು ದೂರ ಈಜ್ತದೆ. ಬೇಟೆಗೆ ಡಿಕ್ಕಿ ಹೊಡೆದು, ಅಂಟಿಕೊಂಡು, ಹೊರಗೋಡೆಗೆ ಸಣ್ಣ ಕಂಡಿ ಮಾಡಿ ಎರಡು ಪೊರೆಗಳ ನಡುವಿನ ಜಾಗಕ್ಕೆ ನುಗ್ತದೆ. ಒಳಗೆ ಹೋದ ಮೇಲೆ ಬೇಟೆಯ ಗೋಡೆಯನ್ನು ಸಡಿಲಿಸಿ ಚೆಂಡಿನ ಹಾಗೆ ಉರುಟು ಮಾಡ್ತದೆ. ಆ ಬದಲಾವಣೆಯಿಂದ ಇನ್ನೊಂದು ಬೇಟೆಗಾರ ಒಳಗೆ ಬರುವುದೂ ಕಷ್ಟವಾಗ್ತದೆ, ಮನೆಗೆ ಆಗಲೇ ಬಾಡಿಗೆದಾರ ಬಂದ ಹಾಗೆ. ನಂತರ ಒಳಗಿನದ್ದನ್ನೆಲ್ಲ ತಿಂದು ದಾರದ ಹಾಗೆ ಉದ್ದ ಬೆಳೆದು, ತುಂಡಾಗಿ, ಮೂರು-ನಾಲ್ಕು ಗಂಟೆಯಲ್ಲಿ ಕೆಲವು ಮರಿಗಳಾಗಿ ಸಿಪ್ಪೆ ಒಡೆದು ಹೊರಗೆ. ಇದು ನುಗ್ಗುವುದು ಹೊರಪೊರೆ ಇರುವ ಗ್ರಾಮ್-ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಮಾತ್ರ. ವಿಬ್ರಿಯೋ ಆ ಬಗೆಯದ್ದೇ. ಉಪ್ಪುನೀರಿನಲ್ಲಿ ಇದೇ ಕೆಲಸ ಮಾಡುವ ಇದರ ಬಂಧುವಿನ ಹೆಸರು ಹ್ಯಾಲೋಬ್ಯಾಕ್ಟೀರಿಯೋವೊರಾಕ್ಸ್, ವಿಬ್ರಿಯೋ ಅದರ ಇಷ್ಟದ ಊಟ.

ಈಗ ಪತ್ತೇದಾರಿ. ಮೊದಲ ಸಾಕ್ಷಿ ಸಮಯ. ಫೇಜ್ ಮಾಡುವ ತೂತು ಸಾಮಾನ್ಯವಾಗಿ ಮರುದಿನವೇ ಕಾಣ್ತದೆ, ಬ್ಯಾಕ್ಟೀರಿಯಾ ಪದರದ ಬೆಳವಣಿಗೆ ನಿಂತಾಗ ಅದೂ ನಿಲ್ತದೆ. ಬೇಟೆಗಾರನ ತೂತು ಬರುವುದೇ ಎರಡು-ಮೂರು ದಿನ ಕಳೆದು, ಆಮೇಲೆ ದಿನವೂ ಅಗಲವಾಗ್ತಾ ಹೋಗ್ತದೆ. ಬೆಳೆಯದೆ ಸುಮ್ಮನೆ ಕೂತ ಕೋಶವೂ ಅದಕ್ಕೆ ಊಟವೇ. ಇದು ಗೊತ್ತಾದದ್ದು ಕೂಡ ಹೀಗೇ. ಬರ್ಲಿನ್‌ನ ಹೈಂಜ್ ಸ್ಟೋಲ್ಪ್ ಬೀನ್ಸ್ ಗಿಡದ ರೋಗಾಣುವಿಗೆ ಮಣ್ಣಿನಲ್ಲಿ ಫೇಜ್ ಹುಡುಕುತ್ತಿದ್ದರು. ಮರುದಿನ ನೋಡಿ ಬಿಸಾಡಬೇಕಾದ ತಟ್ಟೆ ಉಳಿದುಕೊಂಡಿತು, ಕೆಲ ದಿನ ಬಿಟ್ಟು ಅದರಲ್ಲಿ ಹೊಸ ತೂತು ಕಂಡಿತು. 1962ರಲ್ಲಿ ಅವರೂ ಪೆಟ್ಸೋಲ್ಡ್ ಅವರೂ ಸೇರಿ ಅದನ್ನು ಪ್ರಕಟಿಸಿದರು.

ಎರಡನೆಯ ಸಾಕ್ಷಿ ನೀರು ಬೆರೆಸಿ ತೆಳು ಮಾಡುವುದು. ಬ್ಯಾಕ್ಟೀರಿಯೋಸಿನ್ ಆದರೆ ತೆಳು ಮಾಡಿದಷ್ಟೂ ತೂತು ಮಸುಕಾಗಿ ಒಟ್ಟಿಗೇ ಮಾಯ. ಸಾರಿಗೆ ನೀರು ಹಾಕಿದರೆ ಉಪ್ಪು ಸಪ್ಪೆಯಾಗ್ತದಲ್ಲ, ಹಾಗೆ. ಜೀವ ಇರುವಂಥದ್ದು ಅಥವಾ ಫೇಜ್ ಆದರೆ ತೆಳು ಮಾಡಿದಾಗ ಬಿಡಿಬಿಡಿ ಚುಕ್ಕಿಗಳು ಉಳಿಯುತ್ತವೆ, ಒಂದೊಂದು ಚುಕ್ಕಿಗೂ ಒಂದೊಂದು ಮೂಲ. ಮೂರನೆಯದು ಸೋಸುವುದು: 0.45 ಮೈಕ್ರಾನ್ ಜರಡಿಯಲ್ಲಿ ಬೇಟೆಗಾರ ನುಸುಳುತ್ತಾನೆ, 0.2 ಮೈಕ್ರಾನ್‌ನಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ, ಫೇಜ್ ಮತ್ತು ಬ್ಯಾಕ್ಟೀರಿಯೋಸಿನ್ ಅದನ್ನೂ ದಾಟುತ್ತವೆ. ನಾಲ್ಕನೆಯದು ಪ್ರೋಟೀನ್ ಕತ್ತರಿಸುವ ಕಿಣ್ವ. ಅದನ್ನು ಹಾಕಿದ ಮೇಲೆ ಕೊಲ್ಲುವ ಶಕ್ತಿ ಹೋಯಿತೆಂದರೆ ಬ್ಯಾಕ್ಟೀರಿಯೋಸಿನ್ ಮೇಲಿನ ಸಂಶಯ ಗಟ್ಟಿ.

ಕೊಚ್ಚಿಯದೇ ಎರಡು ಉದಾಹರಣೆ ಇಟ್ಟು ನೋಡಿ. ಕೊಚ್ಚಿನ್ ವಿಶ್ವವಿದ್ಯಾಲಯದವರು ಸಮುದ್ರದ ಕೆಸರಿನಿಂದ ಹೆಕ್ಕಿದ ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಆಯುಧಕ್ಕೆ ಬಿಎಲ್8 ಎಂದು ಹೆಸರಿಟ್ಟು 2013ರಲ್ಲಿ ಪ್ರಕಟಿಸಿದರು. ಅದು ಬಿಸಿ ತಡೆಯುವ ಬ್ಯಾಕ್ಟೀರಿಯೋಸಿನ್. ಅದೇ ವಿಶ್ವವಿದ್ಯಾಲಯದವರೂ ಸೇರಿ 2006ರಲ್ಲಿ ಪ್ರಕಟಿಸಿದ ಇನ್ನೊಂದು ವರದಿ ಹಿನ್ನೀರಿನ ಸ್ಯೂಡೊಮೊನಾಸ್ ತಳಿಯದ್ದು, ಹೆಸರು ಪಿಎಸ್-102. ಸಿಗಡಿಗೆ ರೋಗ ತರುವ ವಿಬ್ರಿಯೋಗಳನ್ನು ಅದು ತಡೆಯಿತು. ಆದರೆ ಸ್ಯೂಡೊಮೊನಾಸ್ ಕೊಂದದ್ದೆಲ್ಲ ಬ್ಯಾಕ್ಟೀರಿಯೋಸಿನ್‌ನಿಂದ ಎಂದುಕೊಳ್ಳಬಾರದು. ಈ ಗುಂಪಿನ ಕೆಲವು ತಳಿಗಳ ಆಯುಧ ಪಯೋಸಯನಿನ್ ಎಂಬ ನೀಲಿ-ಹಸಿರು ಬಣ್ಣ. ಅದು ಪ್ರೋಟೀನ್ ಅಲ್ಲ, ಕಿಣ್ವಕ್ಕೆ ಜಗ್ಗುವುದಿಲ್ಲ. ತಟ್ಟೆಯ ಮೇಲೆ ಮಾತ್ರ ಎರಡರ ತೂತೂ ಒಂದೇ ರೀತಿ.

ತಟ್ಟೆಯಲ್ಲಿ ಗೆದ್ದದ್ದು ಗದ್ದೆಯಲ್ಲಿ ಗೆಲ್ತದಾ? ಇದಕ್ಕೆ 2002ರಲ್ಲಿ ಅಮೆರಿಕದ ಸಂಶೋಧಕರು ಮಾಡಿದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಕೋಲಿಸಿನ್ ತಯಾರಿಸುವ, ಅದಕ್ಕೆ ಸಾಯುವ, ಅದಕ್ಕೆ ಜಗ್ಗದ, ಹೀಗೆ ಮೂರು ಇ. ಕೋಲೈ ತಳಿಗಳನ್ನು ಒಟ್ಟಿಗೆ ಬಿಟ್ಟರು. ತಯಾರಕ ಸಾಯುವವನನ್ನು ಕೊಲ್ತದೆ. ಜಗ್ಗದವನಿಗೆ ಆಯುಧದ ಖರ್ಚಿಲ್ಲ, ಹಾಗಾಗಿ ಅದು ತಯಾರಕನಿಗಿಂತ ಬೇಗ ಬೆಳೀತದೆ. ಜಗ್ಗದವನು ಬಾಗಿಲು ಕೆಡಿಸಿಕೊಂಡಿದ್ದರಿಂದ ಸಾಯುವವನು ಅದಕ್ಕಿಂತ ಬೇಗ. ಅಲ್ಲಾಡದ ತಟ್ಟೆಯ ಮೇಲೆ ಮೂರೂ ಗುಂಪುಗಳು ತಮ್ಮ ತಮ್ಮ ಗಡಿಯಲ್ಲಿ ಜಗಳವಾಡುತ್ತ ಉಳಿದವು. ಕಲಕುತ್ತಿದ್ದ ಸೀಸೆಯಲ್ಲಿ ಸಾಯುವವನು ಬೇಗ ಮುಗಿದ, ನಂತರ ತಯಾರಕನೂ ಸೋತ, ಉಳಿದದ್ದು ಜಗ್ಗದವನು ಒಬ್ಬನೇ.

ಸಿಗಡಿ ಕೆರೆಯಲ್ಲಿ ಗಾಳಿಚಕ್ರ ತಿರುಗುತ್ತಾ ಇರ್ತದೆ, ಪೊಕ್ಕಾಳಿಯಲ್ಲಿ ಉಬ್ಬರ-ಇಳಿತದ ನೀರು ಬಂದು ಹೋಗ್ತದೆ. ತೇಲುವ ನೀರಿನಲ್ಲಿ ಬ್ಯಾಕ್ಟೀರಿಯೋಸಿನ್ ಬಿಟ್ಟರೆ ಅದು ತೆಳುವಾಗಿ ಹೋಗ್ತದೆ. ಅದು ಕೆಲಸ ಮಾಡುವುದು ಕೋಶಗಳು ಮೈಗೆ ಮೈ ತಾಗಿ ಕೂತಲ್ಲಿ: ಕೆಸರಿನ ಕಣದ ಮೇಲೆ, ಸಿಗಡಿಯ ಕರುಳಿನಲ್ಲಿ. ಈಜುವ ಬೇಟೆಗಾರನಿಗೆ ನೀರು ತೊಂದರೆಯಲ್ಲ, ಅದಕ್ಕೆ ಬೇರೆ ಮಿತಿ ಉಂಟು. ಬೇಟೆ ವಿರಳವಾದರೆ ಡಿಕ್ಕಿ ಹೊಡೆಯುವ ಅವಕಾಶವೇ ಕಡಿಮೆಯಾಗ್ತದೆ, ತಾನೂ ಹಸಿದು ಸಾಯ್ತದೆ. ಅದಕ್ಕೇ ಬೇಟೆಗಾರ ವಿಬ್ರಿಯೋವನ್ನು ಇಳಿಸುತ್ತಾನೆ ಹೊರತು ಪೂರ್ತಿ ಮುಗಿಸುವುದಿಲ್ಲ. ಜೊತೆಗೆ ಹ್ಯಾಲೋಬ್ಯಾಕ್ಟೀರಿಯೋವೊರಾಕ್ಸ್‌ಗೆ ಉಪ್ಪು ಬೇಕೇ ಬೇಕು. ಬೇಸಿಗೆಯಲ್ಲಿ ಅದನ್ನು ಬಿಟ್ಟು ಫಲ ಕಂಡ ಗದ್ದೆಯಲ್ಲಿ ಜೂನ್ ಮಳೆ ಬಂದು ನೀರು ಸಿಹಿಯಾದ ಮೇಲೂ ಅದು ಇರ್ತದೆ ಎಂದು ನಂಬಿ ಕೂರುವ ಹಾಗಿಲ್ಲ, ಮುಂದಿನ ನವೆಂಬರ್‌ನಲ್ಲಿ ಹಿನ್ನೀರು ಒಳಬಂದಾಗ ತಟ್ಟೆ ಹಾಕಿ ಮತ್ತೆ ಎಣಿಸಬೇಕು.