ಮುಹೂರ್ತದೊಳಗೆ ಮನೆ ಮುಗಿದೀತೇ?

ಮೌಲ್ಡಿಂಗ್ ಆದ ಮನೆಯೊಂದಕ್ಕೆ ಇನ್ನು ಮೂರು ಕೆಲಸ ಬಾಕಿ ಇವೆ ಎಂದಿಟ್ಟುಕೊಳ್ಳಿ. ಗಾರೆಗೆ 25 ದಿನ, ಟೈಲ್ಸಿಗೆ 15, ಬಣ್ಣಕ್ಕೆ 12 ಎನ್ನುತ್ತಾರೆ ಮೇಸ್ತ್ರಿ. ಕೂಡಿದರೆ 52. ಮನೆಯವರು ಅದನ್ನೇ ನಂಬಿ ಗೃಹಪ್ರವೇಶಕ್ಕೆ ಮುಹೂರ್ತ ಇಡಿಸುತ್ತಾರೆ. ಮೇಸ್ತ್ರಿ ಸುಳ್ಳು ಹೇಳಿಲ್ಲ. ಆಯಾ ಕೆಲಸಕ್ಕೆ ಸಾಮಾನ್ಯವಾಗಿ ಹಿಡಿಯುವ ದಿನಗಳನ್ನೇ ಹೇಳಿದ್ದಾರೆ. ಆದರೂ ಆ ಮೊತ್ತ ನಂಬಿಕೆಗೆ ಅರ್ಹವಲ್ಲ.

ಏಕೆಂದರೆ ಕೆಲಸ ಬೇಗ ಮುಗಿದರೆ ಉಳಿಯುವುದು ನಾಲ್ಕೈದು ದಿನ, ತಡವಾದರೆ ವಾರಗಳೇ ಹೋಗುತ್ತವೆ. ಆದ್ದರಿಂದ ಮೇಸ್ತ್ರಿಯಿಂದ ಪ್ರತಿ ಕೆಲಸಕ್ಕೂ ಮೂರು ಅಂಕಿ ಕೇಳಬೇಕು: ಎಲ್ಲ ಕೂಡಿಬಂದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಏನೆಲ್ಲ ಕೆಟ್ಟರೆ ಎಷ್ಟು. ಗಾರೆಗೆ 20, 25, 45. ಟೈಲ್ಸಿಗೆ 12, 15, 27. ಬಣ್ಣಕ್ಕೆ 10, 12, 20 ಎಂದು ಉತ್ತರ ಬಂತೆನ್ನಿ. ಈಗ ಕಂಪ್ಯೂಟರು ಪ್ರತಿ ಕೆಲಸಕ್ಕೂ ಅದರ ಮಿತಿಯೊಳಗೆ ಒಂದು ಅಂಕಿಯನ್ನು ಚೀಟಿ ಎತ್ತಿದಂತೆ ಎತ್ತುತ್ತದೆ. ನಡುವಿನ ಅಂಕಿಯ ಆಸುಪಾಸಿನ ಚೀಟಿಗಳು ಹೆಚ್ಚು, ತುದಿಯವು ಕಡಿಮೆ. ಮೂರನ್ನೂ ಕೂಡಿದರೆ ಮನೆ ಒಮ್ಮೆ ಮುಗಿದ ಲೆಕ್ಕ. ಇದನ್ನೇ ಹತ್ತು ಸಾವಿರ ಸಲ ಮಾಡಿ, ಎಷ್ಟು ಸಲ ಗಡುವಿನೊಳಗೆ ಮುಗಿಯಿತೆಂದು ಎಣಿಸಿದರೆ ಸಾಧ್ಯತೆ ಸಿಕ್ಕಿತು. ಮಾಂಟೆ ಕಾರ್ಲೊ ವಿಧಾನ ಎಂದರೆ ಇದೇ. ನಮ್ಮ ಮನೆ 52 ದಿನದಲ್ಲಿ ಮುಗಿಯುವುದು ನೂರಕ್ಕೆ ಸುಮಾರು ಆರು ಸಲ ಮಾತ್ರ. 68 ದಿನ ಕೊಟ್ಟರೆ ಅದು 80 ದಾಟುತ್ತದೆ.

ಆದರೆ ಬಡಗಿಯನ್ನು ನಾವಿನ್ನೂ ಲೆಕ್ಕಕ್ಕೆ ತಂದಿಲ್ಲ. ಬಾಗಿಲು, ಕಪಾಟುಗಳ ಕೆಲಸ ಗಾರೆಯ ಜೊತೆಗೇ ಶುರುವಾಗಿ ಬೇರೆಡೆ ನಡೆಯುತ್ತದೆ. ಅದು ಮುಗಿಯದೆ ಬಣ್ಣ ಶುರುವಾಗದು. ಅವರ ಅಂಕಿ 32, 40, 72. ಗಾರೆ, ಟೈಲ್ಸು ಸೇರಿದರೂ ಸಾಮಾನ್ಯ ಲೆಕ್ಕ 40 ದಿನವೇ. ಕಾಗದದ ಮೇಲೆ ಬಡಗಿಯಿಂದ ಒಂದು ದಿನವೂ ಹೆಚ್ಚಾಗದು. ನಿಜದಲ್ಲಿ ಬಣ್ಣದವರು ಇಬ್ಬರಲ್ಲಿ ತಡವಾದವರಿಗಾಗಿ ಕಾಯಬೇಕು. ಒಬ್ಬರು ಬೇಗ ಮುಗಿಸಿದ್ದು ಯಾರಿಗೂ ಒದಗದು. ಹೀಗಾಗಿ 68 ದಿನದ ಭರವಸೆ 60ರ ಚಿಲ್ಲರೆಗೆ ಇಳಿಯುತ್ತದೆ, 52 ದಿನದ್ದು ನೂರಕ್ಕೆ ಒಂದರ ಆಸುಪಾಸಿಗೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ರೂಪಿಸಿದ ಪರ್ಟ್ ವಿಧಾನವೂ ಮೂರು ಅಂಕಿಗಳನ್ನು ಕೇಳುತ್ತಿತ್ತು. ಆದರೆ ಅತಿ ಉದ್ದದ ಒಂದೇ ಹಾದಿಯನ್ನು ಕೂಡುತ್ತಿದ್ದುದರಿಂದ, ಹಾದಿಗಳು ಸೇರುವಲ್ಲಿ ಆಗುವ ಈ ನಷ್ಟ ಅದರ ಕಣ್ಣಿಗೆ ಬೀಳುತ್ತಿರಲಿಲ್ಲ. ನನಗೆ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ.

ಒಂದು ಎಚ್ಚರ ಬೇಕು. ಚೀಟಿಗಳನ್ನು ಬಿಡಿಬಿಡಿಯಾಗಿ ಎತ್ತಿದರೆ ಗಾರೆಯ ದುರದೃಷ್ಟವನ್ನು ಟೈಲ್ಸಿನ ಅದೃಷ್ಟ ಸರಿದೂಗಿಸುತ್ತದೆ. ಆದರೆ ಒಂದೇ ತಂಡ ಎರಡನ್ನೂ ಮಾಡುತ್ತಿದ್ದು, ಆಳುಗಳು ಊರಹಬ್ಬಕ್ಕೆ ಹೋದರೆ ಎರಡೂ ಒಟ್ಟಿಗೆ ತಡವಾಗುತ್ತವೆ. ಈ ನಂಟನ್ನು ಲೆಕ್ಕಕ್ಕೆ ಸೇರಿಸದಿದ್ದರೆ ಉತ್ತರ ಇರಬೇಕಾದ್ದಕ್ಕಿಂತ ಧೈರ್ಯ ತುಂಬುತ್ತದೆ.

ಪ್ರತಿ ಸುತ್ತಿನಲ್ಲೂ ಬಣ್ಣದವರನ್ನು ಕಾಯಿಸಿದ್ದು ಯಾರು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಇಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಲ ಅದು ಬಡಗಿಯೇ. ಮರದ ಕೆಲಸವನ್ನು ಹತ್ತು ದಿನ ಮೊದಲೇ ಶುರುಮಾಡಿಸಿದರೆ 68 ದಿನದೊಳಗೆ ಮುಗಿಯುವ ಸಾಧ್ಯತೆ ಮತ್ತೆ 80ರ ಸಮೀಪಕ್ಕೆ ಬರುತ್ತದೆ.