ಸಂಜೆಯ ಕಾಫಿ, ರಾತ್ರಿಯ ಎಚ್ಚರ

ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಆರೋಗ್ಯವಂತ ದೇಹಕ್ಕೂ ಸುಮಾರು 5 ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಅರ್ಧ ಉಳಿದಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೂ ಕಾಲು ಭಾಗ ರಕ್ತದಲ್ಲಿರುತ್ತದೆ. ಲಿವರ್ ಸೊರಗಿದವರಲ್ಲಿ ಇದು ಇನ್ನೂ ನಿಧಾನ.

ಈ ಕೆಫೀನ್ ಮೂತ್ರಪಿಂಡದಿಂದ ತುಸು ಹೆಚ್ಚು ಮೂತ್ರ ಹೊರಡಿಸುತ್ತದೆ. ದಿನವೂ ಕಾಫಿ ಕುಡಿಯುವವರಿಗೆ ಈ ಪರಿಣಾಮ ಬಹುಮಟ್ಟಿಗೆ ಒಗ್ಗಿಹೋಗಿರುತ್ತದೆ. ವಯಸ್ಸಾದವರನ್ನು ಹೆಚ್ಚು ಕಾಡುವುದು ಅದರ ಇನ್ನೊಂದು ಕೆಲಸ: ಮೂತ್ರಕೋಶದ ಗೋಡೆಯ ಸ್ನಾಯುವನ್ನು ಅದು ಕೆರಳಿಸುತ್ತದೆ. ಮೊದಲೇ ಅತಿಚುರುಕಾದ ಮೂತ್ರಕೋಶ ಇನ್ನೂ ಅರ್ಧವೂ ತುಂಬದೆ ‘ಈಗಲೇ ಹೋಗಬೇಕು’ ಎಂದು ಅವಸರಪಡಿಸುತ್ತದೆ.

ಹಾಗೆಂದು ರಾತ್ರಿ ಏಳುವುದಕ್ಕೆಲ್ಲ ಕಾಫಿಯನ್ನೇ ದೂರುವುದು ತಪ್ಪು. ಕಾರಣ ತಿಳಿಯಲು ಒಂದು ಅಳತೆಯ ಲೋಟ, ಒಂದು ನೋಟ್‌ಬುಕ್ ಮತ್ತು ಮೂರು ದಿನದ ತಾಳ್ಮೆ ಸಾಕು. ಕುಡಿದದ್ದೇನು, ಎಷ್ಟು, ಎಷ್ಟು ಹೊತ್ತಿಗೆ. ಮೂತ್ರ ಹೋದದ್ದು ಯಾವಾಗ, ಎಷ್ಟು ಮಿಲಿಲೀಟರ್ ಎಂದು ಬರೆದಿಡಬೇಕು. ಮಲಗುವ ಮುನ್ನ ಹೋದದ್ದು ಹಗಲಿನ ಲೆಕ್ಕಕ್ಕೆ ಸೇರುತ್ತದೆ. ನಡುರಾತ್ರಿ ಎದ್ದು ಹೋದದ್ದರ ಜೊತೆಗೆ ಬೆಳಿಗ್ಗೆ ಎದ್ದ ಕೂಡಲೇ ಹೋದದ್ದೂ ರಾತ್ರಿಯ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಅದು ನಿದ್ದೆಯಲ್ಲಿ ತಯಾರಾದ ಮೂತ್ರ. 65 ದಾಟಿದವರಲ್ಲಿ ರಾತ್ರಿಯ ಪಾಲು ದಿನದ ಒಟ್ಟು ಮೂತ್ರದ ಮೂರನೆಯ ಒಂದು ಭಾಗವನ್ನು ಮೀರಿದರೆ, ದೇಹವೇ ರಾತ್ರಿ ಹೆಚ್ಚು ಮೂತ್ರ ತಯಾರಿಸುತ್ತಿದೆ ಎಂದು ವೈದ್ಯರು ತೀರ್ಮಾನಿಸುತ್ತಾರೆ.

ಒಂದೇ ಮನೆಯ ಇಬ್ಬರು ಹಿರಿಯರ ಲೆಕ್ಕವನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ರಾತ್ರಿ ಎರಡು ಮೂರು ಸಲ ಏಳುತ್ತಾರೆ, ಇಬ್ಬರೂ ಸಂಜೆಯ ಕಾಫಿಯನ್ನೇ ಬೈಯುತ್ತಾರೆ. ಅಜ್ಜಿ ರಾತ್ರಿ ಹೋದದ್ದು 120, 100, 130 ಮಿಲಿಲೀಟರ್, ಬೆಳಿಗ್ಗೆ 150. ಒಟ್ಟು 500. ಇಡೀ ದಿನದ್ದು 1,600. ಮೂರನೆಯ ಒಂದು ಭಾಗಕ್ಕಿಂತ ಕಡಿಮೆ, ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ, ಹಗಲಿನಲ್ಲೂ ಅದೇ ಅವಸರ. ಇಲ್ಲಿ ಅನುಮಾನ ಮೂತ್ರಕೋಶದ ಮೇಲೆ. ಕಾಫಿ ಬದಲಿಸಿ ನೋಡಲು ತಕ್ಕ ಕಾರಣವಿದೆ. ಅಜ್ಜನದು ಬೇರೆ: ರಾತ್ರಿ 300, 350, ಬೆಳಿಗ್ಗೆ 350. ದಿನದ 1,800ರಲ್ಲಿ 1,000 ರಾತ್ರಿಯದೇ. ಸಂಜೆಗೆ ಅವರ ಕಾಲು ಊದಿಕೊಂಡು ಕಾಲುಚೀಲದ ಗುರುತು ಉಳಿಯುತ್ತದೆ. ಹಗಲಿಡೀ ಕಾಲಲ್ಲಿ ಇಳಿದು ನಿಂತ ನೀರು ಮಲಗಿದೊಡನೆ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಜೊತೆಗೆ, ರಾತ್ರಿ ಮೂತ್ರ ತಗ್ಗಿಸುವ ಹಾರ್ಮೋನ್ ವಯಸ್ಸಾದಂತೆ ಹಲವರಲ್ಲಿ ಕಡಿಮೆಯಾಗುತ್ತದೆ. ಕಾಫಿ ಬಿಟ್ಟರೂ ಅಜ್ಜನ ನಿದ್ದೆ ಅಷ್ಟೇನೂ ಸುಧಾರಿಸದು.

ಅಜ್ಜಿ ಬೆಳಗಿನ ಕಾಫಿಯನ್ನು ಬಿಡಬೇಕಾಗಿಲ್ಲ. ಮಧ್ಯಾಹ್ನ ಊಟದ ಹೊತ್ತಿನ ನಂತರ ಕೆಫೀನ್ ಬೇಡ ಎಂಬ ಗುರಿ ಇಟ್ಟುಕೊಂಡರೆ ಸಾಕು. ಆದರೆ ಒಂದೇ ದಿನ ನಿಲ್ಲಿಸಿದರೆ ಮರುದಿನ ತಲೆನೋವು, ಮಂಕು ಹಿಡಿದು ಪ್ರಯೋಗವೇ ಕೈಬಿಟ್ಟುಹೋಗುತ್ತದೆ. ಸಂಜೆಯ ಲೋಟಕ್ಕೆ ಡಿಕಾಕ್ಷನ್ ಅರ್ಧ ಮಾಡಿ ಹಾಲು ಹೆಚ್ಚಿಸಿ, ನಾಲ್ಕೈದು ದಿನ ಬಿಟ್ಟು ಇನ್ನೂ ಇಳಿಸುವುದು ಒಳ್ಳೆಯದು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಚಿಕೋರಿ ಹೆಚ್ಚಿರುವ ಪುಡಿಯಲ್ಲಿ ಕೆಫೀನ್ ಕಡಿಮೆ. ಗ್ರೀನ್ ಟೀಯಲ್ಲಿ ಅದು ಇದ್ದೇ ಇದೆ, ಕೋಲಾದಲ್ಲೂ ಇದೆ.

ಇಲ್ಲಿ ಹಲವರು ಎಡವುತ್ತಾರೆ. ಕಾಫಿ ಬಿಟ್ಟ ಜಾಗಕ್ಕೆ ಮಲಗುವ ಹೊತ್ತಿಗೆ ದೊಡ್ಡ ಲೋಟ ಜೀರಿಗೆ ಕಷಾಯವೋ ಬಿಸಿ ಹಾಲೋ ಬರುತ್ತದೆ. ಕೆಫೀನ್ ಇಲ್ಲದಿದ್ದರೂ ಅದು ನೀರೇ. ತೆಳುವಾದ ಸಾರು, ಮಜ್ಜಿಗೆ, ರಾಗಿ ಗಂಜಿ, ಕಲ್ಲಂಗಡಿ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಹತ್ತಕ್ಕೆ ಮಲಗುವವರು ಏಳೂವರೆ, ಎಂಟರೊಳಗೆ ಕುಡಿಯುವುದನ್ನು ಮುಗಿಸಿ, ರಾತ್ರಿ ಮಾತ್ರೆಗೆ ಒಂದೆರಡು ಗುಟುಕು ಮಾತ್ರ ಇಟ್ಟುಕೊಂಡರೆ ವ್ಯತ್ಯಾಸ ಕಾಣಬಹುದು.

ದಿನದ ನೀರನ್ನೇ ಕಡಿಮೆ ಮಾಡುವುದು ಇದಕ್ಕಿಂತ ಕೆಟ್ಟ ದಾರಿ. ಗಾಢ ಹಳದಿ ಮೂತ್ರ ಮೂತ್ರಕೋಶವನ್ನು ಮತ್ತಷ್ಟು ಕೆರಳಿಸಬಹುದು, ಮಲಬದ್ಧತೆಯಾದರೆ ಅದೂ ಅವಸರವನ್ನು ಹೆಚ್ಚಿಸುತ್ತದೆ. ಸಂಜೆ ಬಿಟ್ಟ ನೀರನ್ನು ಬೆಳಿಗ್ಗೆ, ಮಧ್ಯಾಹ್ನಕ್ಕೆ ವರ್ಗಾಯಿಸಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಹೇಳಿದ ಮಿತಿಯೇ ಮಿತಿ. ಎರಡು ವಾರದ ಬಳಿಕ ಮತ್ತೆ ಮೂರು ದಿನ ಬರೆದರೆ ಫಲ ಗೊತ್ತಾಗುತ್ತದೆ. ಅವಸರ ಕೆಲವರಲ್ಲಿ ತಗ್ಗುತ್ತದೆ. ಎಲ್ಲರಲ್ಲೂ ತಗ್ಗುತ್ತದೆಂಬ ಭರವಸೆ ಇಲ್ಲ.

ಅಜ್ಜನ ಪಾಲಿನ ಕೆಲಸ ಸಂಜೆಗೆ ಮುಂಚೆಯೇ ಶುರುವಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ದಿಂಬಿನ ಮೇಲೆ ಕಾಲೆತ್ತಿ ಮಲಗಿದರೆ ನೀರು ಹಗಲಿನಲ್ಲೇ ಹೊರಹೋಗುತ್ತದೆ. ಬಿಪಿಗೆ ಕೊಡುವ ಆಮ್ಲೊಡಿಪಿನ್ ಕೂಡ ಕಾಲು ಊದಿಸಬಹುದು. ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಅದರ ಹೊತ್ತು ಬದಲಿಸುವುದೂ ಉಂಟು. ಎರಡನ್ನೂ ವೈದ್ಯರನ್ನು ಕೇಳಿಯೇ ಮಾಡಬೇಕು. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಗಂಡಸರಲ್ಲಿ ಧಾರೆ ಸಣ್ಣದಾಗುವುದು, ವಿಪರೀತ ಬಾಯಾರಿಕೆ, ಗೊರಕೆಯ ಜೊತೆ ಹಗಲಲ್ಲಿ ತೂಕಡಿಕೆ ಕಂಡರೆ ಕಾಫಿಯ ಪ್ರಯೋಗಕ್ಕೆ ಎರಡು ವಾರ ಕಾಯಬಾರದು. ಬರೆದಿಟ್ಟ ಪುಟಗಳನ್ನು ತೆಗೆದುಕೊಂಡು ನೇರ ವೈದ್ಯರ ಬಳಿಗೆ ಹೋಗಬೇಕು.